ತಿಂಗಳಿಗೆ ಎಷ್ಟು ಮೆಂಬರ್‌ಗಳು ಬಿಡ್ತಾರೆ? ಜಿಮ್, ಸಲೂನ್ ಪ್ಲಾನ್‌ನಲ್ಲಿ ಈ ಸಂಖ್ಯೆಯನ್ನು ಸರಿಯಾಗಿ ಹಾಕುವ ಬಗೆ

ಜಿಮ್ ಅಥವಾ ಸಲೂನ್ ಶುರು ಮಾಡುವವರು, ಇರುವುದನ್ನು ದೊಡ್ಡದು ಮಾಡಲು ಹೊರಟವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ಮೆಂಬರ್‌ಶಿಪ್ ಪ್ಲಾನ್ ಮಾಡ್ತಾ ಇದ್ದೀನಿ. ಪ್ರತಿ ತಿಂಗಳು ಎಷ್ಟು ಪರ್ಸೆಂಟ್ ಜನ ಉಳಿಯುತ್ತಾರೆ ಅಂತ ಹಾಕಲಿ?” ಶೇ. 95 ಹಾಕಬಹುದಾ, ಶೇ. 90 ಹಾಕಬಹುದಾ ಅಂತ ಕೇಳುತ್ತಾರೆ.

ಒಂದೇ ಸಂಖ್ಯೆ ಹಾಕಿದರೆ ಪ್ಲಾನ್ ತಪ್ಪಾಗುತ್ತದೆ, ಅದು ಯಾವ ಸಂಖ್ಯೆಯಾದರೂ ಸರಿ. ಹೊಸಬರು ಬಿಡುವ ವೇಗವೇ ಬೇರೆ, ಹಳಬರು ಬಿಡುವ ವೇಗವೇ ಬೇರೆ. ಹಾಗಾಗಿ ನಿಮಗೆ ಬೇಕಿರುವುದು ಸಂಖ್ಯೆಗಳ ಒಂದು ಸಾಲು: ಮೊದಲ ತಿಂಗಳು ಎಷ್ಟು ಜನ, ಎರಡನೇ ತಿಂಗಳು ಎಷ್ಟು, ಆರನೇ ತಿಂಗಳು ಎಷ್ಟು. ಆ ಸಾಲನ್ನು ನಿಮ್ಮದೇ ರಿಜಿಸ್ಟರ್‌ನಿಂದ ತೆಗೆಯುವುದು ಹೇಗೆ, ಪ್ಲಾನ್‌ನಲ್ಲಿ ಹಾಕುವುದು ಹೇಗೆ, ಎಲ್ಲಿ ಎಡವುತ್ತಾರೆ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಯ ಸಂಖ್ಯೆಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಅವನ್ನು ಹಾಗೇ ಎತ್ತಿ ನಿಮ್ಮ ಪ್ಲಾನ್‌ಗೆ ಹಾಕಬೇಡಿ.

ಮೂರು ಪದ ಮೊದಲೇ ತಿಳಿದಿರಲಿ. ರಿಟೆನ್ಷನ್ ಅಂದರೆ ಉಳಿದವರ ಪಾಲು. ಚರ್ನ್ ಅಂದರೆ ಬಿಟ್ಟವರ ಪಾಲು. ತಿಂಗಳ ಶುರುವಿನಲ್ಲಿ 100 ಜನ ಇದ್ದು ಅವರಲ್ಲಿ 5 ಜನ ಬಿಟ್ಟರೆ ಚರ್ನ್ ಶೇ. 5, ರಿಟೆನ್ಷನ್ ಶೇ. 95. ಇನ್ನು ಬ್ಯಾಚ್ ಅಂದರೆ ಒಂದೇ ತಿಂಗಳಲ್ಲಿ ಹೊಸದಾಗಿ ಸೇರಿದ ಎಲ್ಲರೂ. ಈ ಲೇಖನದ ಮುಖ್ಯ ಲೆಕ್ಕವೆಲ್ಲ ಬ್ಯಾಚ್ ಮೇಲೆಯೇ ನಿಂತಿದೆ.

ಕೈಯಲ್ಲಿ ಏನಿರಬೇಕು

ಪ್ರತಿ ಮೆಂಬರ್‌ಗೂ ನಾಲ್ಕು ಮಾಹಿತಿ ಸಾಕು: ಸೇರಿದ ತಾರೀಕು, ತೆಗೆದುಕೊಂಡ ಪ್ಲಾನ್, ಫೀ ಕಟ್ಟಿದ ಎಲ್ಲ ತಾರೀಕುಗಳು, ಕೊನೆಯ ಸಲ ಬಂದ ತಾರೀಕು. ಕೊನೆಯದನ್ನು ಬಹಳ ಜನ ಬರೆದಿಡುವುದಿಲ್ಲ. ಇವತ್ತಿನಿಂದಲೇ ಶುರು ಮಾಡಿ, ಐದನೇ ಹಂತದಲ್ಲಿ ಅದು ಬೇಕಾಗುತ್ತದೆ.

ಹಂತ 1: ‘ಬಿಟ್ಟರು’ ಅಂದರೆ ಏನು ಅಂತ ಮೊದಲು ತೀರ್ಮಾನಿಸಿ

ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಹೆಚ್ಚಿನ ಗೊಂದಲ ಶುರುವಾಗುವುದೇ ಇಲ್ಲಿ. 1ನೇ ತಾರೀಕು ಫೀ ಕಟ್ಟಬೇಕಿದ್ದವರು 9ನೇ ತಾರೀಕು ಕಟ್ಟಿದರೆ ಅವರು ಬಿಟ್ಟವರಾ? ಊರಿಗೆ ಹೋಗುತ್ತೇನೆ, ಒಂದು ತಿಂಗಳು ನಿಲ್ಲಿಸಿ ಅಂದವರು ಬಿಟ್ಟವರಾ? ನಾಲ್ಕು ತಿಂಗಳು ಕಾಣೆಯಾಗಿ ಮತ್ತೆ ಬಂದವರು ಹೊಸಬರಾ, ಹಳಬರಾ?

ನಾನು ಹೇಳುವ ನಿಯಮ ಹೀಗಿದೆ. ಕಟ್ಟಬೇಕಾದ ದಿನದಿಂದ 15 ದಿನ ಕಾಯಿರಿ. ಅಷ್ಟರೊಳಗೆ ಕಟ್ಟಿದರೆ ಉಳಿದವರು, ಇಲ್ಲದಿದ್ದರೆ ಬಿಟ್ಟವರು. ಹೇಳಿ ನಿಲ್ಲಿಸಿದವರನ್ನು ಬೇರೆ ಪಟ್ಟಿಯಲ್ಲಿ ಇಡಿ. ಅವರು ಮತ್ತೆ ಫೀ ಕಟ್ಟುವ ತನಕ ಉಳಿದವರ ಲೆಕ್ಕಕ್ಕೆ ಸೇರಿಸಬೇಡಿ, ಏಕೆಂದರೆ ಆ ತಿಂಗಳು ಅವರಿಂದ ಹಣ ಬಂದಿಲ್ಲ. ಬಿಟ್ಟು ಮತ್ತೆ ಬಂದವರನ್ನು ‘ಮರಳಿದವರು’ ಅಂತ ಗುರುತು ಹಾಕಿ.

ಈ ಕೊನೆಯದನ್ನು ಗಟ್ಟಿಯಾಗಿ ಪಾಲಿಸಿ. ಮರಳಿದವರನ್ನು ಹೊಸ ಸೇರ್ಪಡೆ ಅಂತ ಬರೆದರೆ ಎರಡು ಕಡೆ ಲೆಕ್ಕ ಕೆಡುತ್ತದೆ. ಹೊಸಬರು ಜಾಸ್ತಿ ಬರುತ್ತಿದ್ದಾರೆ ಅಂತ ಕಾಣುತ್ತದೆ. ಹೊಸ ಬ್ಯಾಚ್ ಚೆನ್ನಾಗಿ ಉಳಿಯುತ್ತಿದೆ ಅಂತಲೂ ಕಾಣುತ್ತದೆ, ಯಾಕೆಂದರೆ ಮರಳಿದವರಿಗೆ ಜಾಗ, ಟ್ರೇನರ್, ಸಮಯ ಎಲ್ಲ ಮೊದಲೇ ಗೊತ್ತು. ಅವರು ಹೊಸಬರ ಹಾಗೆ ಬೇಗ ಬಿಡುವುದಿಲ್ಲ.

15 ದಿನದ ಬದಲು 10 ದಿನ ಇಟ್ಟುಕೊಂಡರೂ ತೊಂದರೆ ಇಲ್ಲ. ನಡುವೆ ಬದಲಾಯಿಸಬೇಡಿ ಅಷ್ಟೇ. ಬದಲಾಯಿಸಲೇಬೇಕಾದರೆ ಹಳೆಯ ತಿಂಗಳುಗಳನ್ನೂ ಹೊಸ ನಿಯಮದಲ್ಲೇ ಮತ್ತೆ ಎಣಿಸಿ.

ಹಂತ 2: ಪ್ಲಾನ್‌ಗಳನ್ನು ಬೇರೆ ಬೇರೆ ಮಾಡಿ

ತಿಂಗಳ ಪ್ಲಾನ್, ಮೂರು ತಿಂಗಳ ಪ್ಲಾನ್, ವರ್ಷದ ಪ್ಲಾನ್ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ರಿಟೆನ್ಷನ್ ತೆಗೆಯಬೇಡಿ. ವರ್ಷದ ಫೀ ಕಟ್ಟಿದವರು 11 ತಿಂಗಳು ಬಿಡಲು ಸಾಧ್ಯವೇ ಇಲ್ಲ. ಅವರು ಬರುತ್ತಿರಲಿ, ಬರದಿರಲಿ, ಪಟ್ಟಿಯಲ್ಲಿ ಇದ್ದೇ ಇರುತ್ತಾರೆ. ಅವರನ್ನು ಸೇರಿಸಿದರೆ ತಿಂಗಳ ರಿಟೆನ್ಷನ್ ಸುಮ್ನೆ ಮೇಲೇರುತ್ತದೆ.

ಆಫರ್‌ನಲ್ಲಿ ಸೇರಿದವರನ್ನೂ ಬೇರೆ ಇಡಿ. ಮೊದಲ ತಿಂಗಳು ಅರ್ಧ ಫೀ ಅಂದಾಗ ಸೇರಿದವರಿಗೆ ಎರಡನೇ ತಿಂಗಳು ಮೊದಲ ಬಾರಿ ಪೂರ್ತಿ ಫೀ ಎದುರಾಗುತ್ತದೆ. ಅವರು ನಿಜವಾಗಿ ಉಳಿಯುತ್ತಾರಾ ಅಂತ ಗೊತ್ತಾಗುವುದು ಆಗಲೇ.

ದುಡ್ಡು ಹೇಗೆ ಕಟ್ಟುತ್ತಾರೆ ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ಕೆಲವು ಕಡೆ ಪ್ರತಿ ತಿಂಗಳು ಖಾತೆಯಿಂದ ತಾನೇ ಕಡಿತವಾಗುತ್ತದೆ. ಕೆಲವು ಕಡೆ ಮೆಂಬರ್ ಬಂದು ಕೈಯಾರೆ ಕಟ್ಟಬೇಕು. ಈ ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಮೆಂಬರ್‌ಗಳ ಮೂರು ವರ್ಷದ ಹಾಜರಿಯನ್ನು ಅವರು ನೋಡಿದ್ದರು. ತಿಂಗಳ ಪ್ಲಾನ್‌ನವರು ಒಂದು ವರ್ಷ ದಾಟಿ ಉಳಿಯುವ ಸಾಧ್ಯತೆ ವರ್ಷದ ಪ್ಲಾನ್‌ನವರಿಗಿಂತ ಶೇ. 17ರಷ್ಟು ಹೆಚ್ಚಿತ್ತು. ಯಾವಾಗ ಬೇಕಾದರೂ ಬಿಡಬಹುದಾಗಿದ್ದವರೇ ಜಾಸ್ತಿ ಉಳಿದಿದ್ದರು. ಅಲ್ಲಿ ತಿಂಗಳ ಪ್ಲಾನ್ ತಾನಾಗಿಯೇ ಮುಂದುವರಿಯುತ್ತಿತ್ತು, ಬಿಡಬೇಕಾದರೆ ಮೆಂಬರ್ ಏನಾದರೂ ಮಾಡಬೇಕಿತ್ತು. ವರ್ಷದ ಪ್ಲಾನ್ ತಾನಾಗಿಯೇ ಮುಗಿಯುತ್ತಿತ್ತು, ಉಳಿಯಬೇಕಾದರೆ ಏನಾದರೂ ಮಾಡಬೇಕಿತ್ತು.

ಹಾಗಾಗಿ ತಾನೇ ಕಡಿತವಾಗುವ ಕಡೆಯ ರಿಟೆನ್ಷನ್ ಸಂಖ್ಯೆಯನ್ನು, ಕೈಯಾರೆ ಫೀ ಕಟ್ಟಿಸಿಕೊಳ್ಳುವ ನಿಮ್ಮ ಜಿಮ್‌ನ ಪ್ಲಾನ್‌ಗೆ ತಂದು ಹಾಕಬೇಡಿ.

ಹಂತ 3: ಬ್ಯಾಚ್ ಟೇಬಲ್ ಮಾಡಿ

ಇಲ್ಲಿಂದ ಮುಂದೆ ತಿಂಗಳ ಪ್ಲಾನ್ ಇರುವ ಒಂದು ಜಿಮ್ ಅನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಮೆಂಬರ್‌ಗೆ ಒಂದು ಸಾಲು. A ಕಾಲಂನಲ್ಲಿ ಸೇರಿದ ತಿಂಗಳು (ಎಲ್ಲರಿಗೂ ಆ ತಿಂಗಳ 1ನೇ ತಾರೀಕನ್ನೇ ಹಾಕಿ), B ಕಾಲಂನಲ್ಲಿ ಬಿಡದೆ ಕಟ್ಟಿದ ಫೀಗಳ ಸಂಖ್ಯೆ. ಪಕ್ಕದಲ್ಲಿ F ಕಾಲಂನಲ್ಲಿ F2ರಿಂದ ಶುರು ಮಾಡಿ ಬ್ಯಾಚ್‌ನ ತಿಂಗಳುಗಳನ್ನು, ಇಲ್ಲೂ 1ನೇ ತಾರೀಕನ್ನೇ ಹಾಕಿ, ಕೆಳಗೆ ಕೆಳಗೆ ಬರೆಯಿರಿ. G1, H1, I1, J1ರಲ್ಲಿ 1, 2, 3, 4 ಅಂತ ಬರೆಯಿರಿ. G2ರಲ್ಲಿ ಇದನ್ನು ಹಾಕಿ:

```
=COUNTIFS($A:$A,$F2,$B:$B,">="&G$1)
```

ಇದನ್ನು ಅಡ್ಡಕ್ಕೂ ಕೆಳಕ್ಕೂ ಎಳೆದರೆ ಟೇಬಲ್ ಸಿದ್ಧ. ಆ ಬ್ಯಾಚ್‌ನಲ್ಲಿ ಎಷ್ಟು ಜನ ಕಡೇಪಕ್ಷ ಒಂದು ಫೀ ಕಟ್ಟಿದರು, ಎಷ್ಟು ಜನ ಎರಡು, ಎಷ್ಟು ಜನ ಮೂರು ಅನ್ನುವುದು ಒಂದೊಂದು ಸಾಲಿನಲ್ಲಿ ಬರುತ್ತದೆ.

ನಮ್ಮ ಜಿಮ್‌ನಲ್ಲಿ ನಾಲ್ಕು ಬ್ಯಾಚ್ ಇವೆ ಅಂದುಕೊಳ್ಳಿ:

| ಬ್ಯಾಚ್ | 1ನೇ ಫೀ | 2ನೇ ಫೀ | 3ನೇ ಫೀ | 4ನೇ ಫೀ |
|---|---|---|---|---|
| ಮೊದಲನೆಯದು | 38 | 30 | 26 | 23 |
| ಎರಡನೆಯದು | 42 | 34 | 28 | – |
| ಮೂರನೆಯದು | 40 | 32 | – | – |
| ನಾಲ್ಕನೆಯದು | 40 | – | – | – |

ಗೆರೆ ಹಾಕಿದ ಕಡೆ ಇನ್ನೂ ಆ ತಿಂಗಳು ಬಂದಿಲ್ಲ. ಇದನ್ನು ಗಮನವಿಟ್ಟು ನೋಡಿ, ಏಕೆಂದರೆ ಸೂತ್ರ ಅಲ್ಲಿ ಸೊನ್ನೆ ತೋರಿಸುತ್ತದೆ. ಸೊನ್ನೆ ಅಂದರೆ ‘ಎಲ್ಲರೂ ಬಿಟ್ಟರು’ ಅಂತ ಅರ್ಥ. ಇಲ್ಲಿರುವುದು ‘ಇನ್ನೂ ಗೊತ್ತಿಲ್ಲ’. ಆ ಸೊನ್ನೆಗಳನ್ನು ಕೈಯಾರೆ ಅಳಿಸಿ ಖಾಲಿ ಬಿಡಿ.

ಈಗ ಮೂರನೇ ಫೀ ಕಟ್ಟಿದವರ ಪಾಲು ತೆಗೆಯೋಣ. 26 ಮತ್ತು 28 ಸೇರಿ 54 ಜನ ಕಟ್ಟಿದ್ದಾರೆ. ಎಷ್ಟರಿಂದ ಭಾಗಿಸಬೇಕು? ಸೇರಿದ ಒಟ್ಟು 160 ಜನರಿಂದ ಭಾಗಿಸಿದರೆ ಶೇ. 34 ಬರುತ್ತದೆ, ಅದು ತಪ್ಪು. ಮೂರನೇ ತಿಂಗಳು ಮುಟ್ಟಿರುವುದು ಮೊದಲ ಎರಡು ಬ್ಯಾಚ್ ಮಾತ್ರ, ಅಂದರೆ 80 ಜನ. 54 ಭಾಗಿಸು 80 ಅಂದರೆ ಸುಮಾರು ಶೇ. 68. ಹಾಗೆಯೇ ಎರಡನೇ ಫೀಗೆ ಮೂರು ಬ್ಯಾಚ್ ಸೇರುತ್ತವೆ: 120ರಲ್ಲಿ 96, ಶೇ. 80. ನಾಲ್ಕನೇ ಫೀಗೆ ಮೊದಲ ಬ್ಯಾಚ್ ಒಂದೇ: 38ರಲ್ಲಿ 23, ಸುಮಾರು ಶೇ. 61.

ಆ ಕೊನೆಯ ಸಂಖ್ಯೆಯನ್ನು ಅಷ್ಟಾಗಿ ನಂಬಬೇಡಿ, ಅದು ಒಂದೇ ಬ್ಯಾಚ್‌ನದು. ಇನ್ನೂ ಎರಡು ಬ್ಯಾಚ್ ನಾಲ್ಕನೇ ತಿಂಗಳು ಮುಟ್ಟಿದ ಮೇಲೆ ಅದಕ್ಕೆ ಸ್ವಲ್ಪ ತೂಕ ಬರುತ್ತದೆ.

ಜಿಮ್ ಇನ್ನೂ ತೆರೆದೇ ಇಲ್ಲ, ರಿಜಿಸ್ಟರ್ ಎಲ್ಲಿಂದ ತರಲಿ ಅನ್ನುವವರು ಮೊದಲ ಪ್ಲಾನ್‌ನಲ್ಲಿ ಕೆಟ್ಟದ್ದನ್ನೇ ಊಹಿಸಿ ಹಾಕಿ. ಬಾಡಿಗೆ, ಸಂಬಳ ಕೊಡುವಷ್ಟು ಹಣ ಆಗಲೂ ಕೈಯಲ್ಲಿ ಉಳಿಯುತ್ತದಾ ನೋಡಿ. ಮೂರು ಬ್ಯಾಚ್ ಎರಡನೇ ಫೀ ದಾಟಿದ ಕೂಡಲೇ ಪ್ಲಾನ್ ಹೊಸದಾಗಿ ಬರೆಯಿರಿ. ನಡೆಯುತ್ತಿರುವ ಜಿಮ್ ಅನ್ನು ಯಾರಿಂದಲಾದರೂ ಕೊಳ್ಳುತ್ತಿದ್ದರೆ ‘ನಮ್ಮಲ್ಲಿ ಶೇ. 95 ಜನ ಉಳೀತಾರೆ’ ಅನ್ನುವ ಮಾತಿಗೆ ತಲೆಯಾಡಿಸಬೇಡಿ. ಫೀ ರಿಜಿಸ್ಟರ್ ಕೇಳಿ, ಈ ಟೇಬಲ್ ನೀವೇ ಮಾಡಿ.

ಹಂತ 4: ಸಾಲನ್ನು ಪ್ಲಾನ್‌ಗೆ ಹಾಕಿ, ಸರಾಸರಿಯ ಜೊತೆ ಹೋಲಿಸಿ

ಹೀಗೇ ಒಂದು ವರ್ಷ ಲೆಕ್ಕ ಇಟ್ಟು, 100 ಜನ ಸೇರಿದರೆ ಯಾವ ತಿಂಗಳಲ್ಲಿ ಎಷ್ಟು ಜನ ಫೀ ಕಟ್ಟುತ್ತಾರೆ ಅನ್ನುವ ಸಾಲು ಸಿಕ್ಕಿತು ಅಂದುಕೊಳ್ಳಿ:

100, 80, 68, 61, 56, 53, 50, 48, 46, 44, 42, 41

ಮೊದಲ ತಿಂಗಳಲ್ಲೇ 20 ಜನ ಬಿಟ್ಟರು. ಕೊನೆಗೆ ಬರುವ ಹೊತ್ತಿಗೆ ತಿಂಗಳಿಗೆ ಒಬ್ಬಿಬ್ಬರು ಮಾತ್ರ ಬಿಡುತ್ತಿದ್ದಾರೆ. ಈ ಹನ್ನೆರಡನ್ನೂ ಕೂಡಿದರೆ 689. ಅಂದರೆ ಒಬ್ಬ ಹೊಸ ಮೆಂಬರ್ ಮೊದಲ ವರ್ಷದಲ್ಲಿ ಸರಾಸರಿ 6.9 ತಿಂಗಳ ಫೀ ಕೊಡುತ್ತಾರೆ.

ಈಗ ಇದೇ ಜಿಮ್‌ನ ಮಾಲೀಕರು ಸರಾಸರಿ ಲೆಕ್ಕ ಹೇಗೆ ಮಾಡುತ್ತಾರೆ ನೋಡಿ. ತಿಂಗಳ ಶುರುವಿನಲ್ಲಿ 400 ಮೆಂಬರ್ ಇದ್ದರು, 20 ಜನ ಬಿಟ್ಟರು. ಚರ್ನ್ ಶೇ. 5, ರಿಟೆನ್ಷನ್ ಶೇ. 95. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ 400ರ ಒಳಗೆ ಇಣುಕಿ ನೋಡಿ. ಹೋದ ತಿಂಗಳು ಸೇರಿದ ಹೊಸಬರು 40 ಜನ, ಅವರಲ್ಲಿ 8 ಜನ ಬಿಟ್ಟರು. ಉಳಿದ 360 ಹಳಬರಲ್ಲಿ 12 ಜನ ಬಿಟ್ಟರು. ಹೊಸಬರ ಚರ್ನ್ ಶೇ. 20, ಹಳಬರದು ಶೇ. 3ರ ಆಸುಪಾಸು. ಶೇ. 5 ಅನ್ನುವುದು ಇಬ್ಬರಿಗೂ ಸೇರದ ಸಂಖ್ಯೆ.

ಬಿಡುವವರು ಬಿಟ್ಟ ಮೇಲೆ ಉಳಿದವರೇ ಪಟ್ಟಿಯಲ್ಲಿ ಜಾಸ್ತಿ. ಅವರ ಅಭ್ಯಾಸವನ್ನು ನಾಳೆ ಸೇರುವವರಿಗೆ ಅಂಟಿಸಿದರೆ ಏನಾಗುತ್ತದೆ? ತಿಂಗಳಿಗೆ ಶೇ. 95ರಂತೆ ಸಾಲು ಬರೆದರೆ 100, 95, 90, 86 ಅಂತ ಇಳಿದು ಹನ್ನೆರಡನೇ ತಿಂಗಳಲ್ಲಿ 57 ಉಳಿಯುತ್ತದೆ. ಕೂಡಿದರೆ 919. ಒಬ್ಬ ಹೊಸ ಮೆಂಬರ್‌ನಿಂದ 9.2 ತಿಂಗಳ ಫೀ ಬರುತ್ತದೆ ಅಂತ ಪ್ಲಾನ್ ಹೇಳುತ್ತದೆ. ನಿಜವಾಗಿ ಬರುವುದು 6.9.

ಇದೇ ಮಾಲೀಕರು ಎರಡನೇ ಶಾಖೆ ತೆರೆದು ತಿಂಗಳಿಗೆ 40 ಹೊಸಬರು ಸೇರುತ್ತಾರೆ ಅಂತ ಲೆಕ್ಕ ಹಾಕಿದರೆ, ಸರಾಸರಿ ಪ್ಲಾನ್ ಪ್ರಕಾರ ಹನ್ನೆರಡನೇ ತಿಂಗಳಲ್ಲಿ 368 ಮೆಂಬರ್ ಇರಬೇಕು. ಬ್ಯಾಚ್ ಸಾಲಿನ ಪ್ರಕಾರ 276. ವರ್ಷ ಪೂರ್ತಿ ಬರುವ ಫೀಗಳನ್ನು ಕೂಡಿದರೆ ಮೊದಲನೆಯದರಲ್ಲಿ ಸುಮಾರು 2,612, ಎರಡನೆಯದರಲ್ಲಿ ಸುಮಾರು 2,044. ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹಣ ಕಾಗದದ ಮೇಲೆ ಮಾತ್ರ ಇದೆ. ಅದನ್ನು ನಂಬಿಯೇ ಮೆಷಿನ್ ಸಾಲ ತೆಗೆದಿರುತ್ತಾರೆ, ಟ್ರೇನರ್ ನೇಮಿಸಿರುತ್ತಾರೆ.

ಹೊಸ ಶಾಖೆಯಲ್ಲಿ ಪೆಟ್ಟು ಇಷ್ಟು ಜೋರಾಗಿ ಬೀಳಲು ಕಾರಣ ಇದೆ. ಅಲ್ಲಿ ಮೊದಲ ಕೆಲವು ತಿಂಗಳು ಇರುವವರೆಲ್ಲ ಹೊಸಬರೇ. ಶೇ. 3ರ ಚರ್ನ್ ಇರುವ ಹಳಬರ ದಂಡು ಅಲ್ಲಿಲ್ಲ.

ಈ ಲೆಕ್ಕವನ್ನು ಶೀಟ್‌ನಲ್ಲಿ ಮಾಡುವುದು ಸುಲಭ. ಪ್ರತಿ ಬ್ಯಾಚ್‌ಗೆ ಒಂದು ಸಾಲು ಬರೆಯಿರಿ, ಪ್ರತಿ ಸಾಲನ್ನೂ ಹಿಂದಿನದಕ್ಕಿಂತ ಒಂದು ತಿಂಗಳು ಬಲಕ್ಕೆ ಸರಿಸಿ ಶುರು ಮಾಡಿ, ಆಮೇಲೆ ಮೇಲಿನಿಂದ ಕೆಳಕ್ಕೆ ಕೂಡಿ. ಒಂದು ಕಾಲಂನ ಮೊತ್ತವೇ ಆ ತಿಂಗಳು ಫೀ ಕಟ್ಟುವ ಮೆಂಬರ್‌ಗಳ ಸಂಖ್ಯೆ.

ಇನ್ನೊಂದು ಎಚ್ಚರ. ಒಬ್ಬ ಮೆಂಬರ್ ‘ಒಟ್ಟು ಎಷ್ಟು ತಿಂಗಳು ಉಳಿಯುತ್ತಾರೆ’ ಅಂತ ಲೆಕ್ಕ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ನಮ್ಮ ಸಾಲಿನಲ್ಲಿ ಹನ್ನೆರಡನೇ ತಿಂಗಳ ನಂತರ ತಿಂಗಳಿಗೆ ಶೇ. 4 ಜನ ಬಿಡುತ್ತಾ ಹೋಗುತ್ತಾರೆ ಅಂತ ಊಹಿಸಿ ಕೊನೆಯ ತನಕ ಕೂಡಿದರೆ ಸುಮಾರು 16.7 ತಿಂಗಳು ಬರುತ್ತದೆ. ಆದರೆ ಅದರಲ್ಲಿ ಕಣ್ಣಾರೆ ಕಂಡದ್ದು 6.9 ಮಾತ್ರ. ಮಿಕ್ಕ 9.8 ಊಹೆ. ಆ ಶೇ. 4 ಸ್ವಲ್ಪ ಮೇಲೆ ಕೆಳಗೆ ಆದರೂ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಹೊಸ ಮೆಂಬರ್ ತರಲು ಜಾಹೀರಾತಿಗೆ ಎಷ್ಟು ಖರ್ಚು ಮಾಡಬಹುದು ಅಂತ ತೀರ್ಮಾನಿಸುವಾಗ ಈ ದೊಡ್ಡ ಸಂಖ್ಯೆಯನ್ನು ಬಳಸಬೇಡಿ. ನಿಮ್ಮಲ್ಲಿ ಎಷ್ಟು ತಿಂಗಳ ದಾಖಲೆ ಇದೆಯೋ ಅಷ್ಟಕ್ಕೇ ನಿಲ್ಲಿ. ತೀರಾ ಬೇಕೆಂದರೆ 24 ತಿಂಗಳ ತನಕ ಎಳೆಯಿರಿ. ಅಲ್ಲಿಗೆ 10.7 ಬರುತ್ತದೆ. ಅದರಾಚೆಗೆ ಹೋಗಬೇಡಿ.

ಹಂತ 5: ವರ್ಷದ ಪ್ಲಾನ್‌ಗೆ ರಿನ್ಯೂವಲ್ ಲೆಕ್ಕ ಬೇರೆ ಇಡಿ

ವರ್ಷದ ಪ್ಲಾನ್‌ನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ತಿಂಗಳು ಅವಧಿ ಮುಗಿದವರಲ್ಲಿ ಎಷ್ಟು ಜನ ಮತ್ತೆ ಕಟ್ಟಿದರು?

ವರ್ಷದ ಮೆಂಬರ್‌ಗಳು ಒಟ್ಟು 240. ಈ ತಿಂಗಳು 30 ಜನರ ಅವಧಿ ಮುಗಿಯಿತು. 13 ಜನ ರಿನ್ಯೂ ಮಾಡಿದರು, 17 ಜನ ಮಾಡಲಿಲ್ಲ. ರಿನ್ಯೂವಲ್ ದರ 30ರಲ್ಲಿ 13, ಅಂದರೆ ಶೇ. 43. ಆದರೆ ಬಹಳ ಕಡೆ 17ನ್ನು 240ರಿಂದ ಭಾಗಿಸಿ ‘ಬಿಟ್ಟವರು ಬರೀ ಶೇ. 7, ಉಳಿದವರು ಶೇ. 93’ ಅಂತ ಬರೆದಿರುತ್ತಾರೆ. ಅವಧಿ ಮುಗಿಯದ 210 ಜನರಿಗೆ ಈ ತಿಂಗಳು ಬಿಡುವ ಅವಕಾಶವೇ ಇರಲಿಲ್ಲ. ಅವರನ್ನು ಭಾಗಾಕಾರಕ್ಕೆ ತರುವಂತಿಲ್ಲ.

ಈಗ ಕೊನೆಯ ಸಲ ಬಂದ ತಾರೀಕು ಕೆಲಸಕ್ಕೆ ಬರುತ್ತದೆ. ಆ 30 ಜನರನ್ನು ಎರಡು ಗುಂಪು ಮಾಡಿ. ಅವಧಿ ಮುಗಿಯುವ ಮುಂಚಿನ 30 ದಿನದಲ್ಲಿ ಒಮ್ಮೆಯಾದರೂ ಬಂದವರು 12 ಜನ, ಅವರಲ್ಲಿ 10 ಜನ ರಿನ್ಯೂ ಮಾಡಿದರು. ಒಮ್ಮೆಯೂ ಬರದವರು 18 ಜನ, ಅವರಲ್ಲಿ 3 ಜನ ಮಾಡಿದರು. ಮುಂದಿನ ತಿಂಗಳು 36 ಜನರ ಅವಧಿ ಮುಗಿಯುತ್ತದೆ, ಅವರಲ್ಲಿ ಈಗ ಬರುತ್ತಿರುವವರು 9 ಜನ ಮಾತ್ರ ಅಂದುಕೊಳ್ಳಿ. ಶೇ. 43 ಹಾಕಿದರೆ 15ರಿಂದ 16 ರಿನ್ಯೂವಲ್ ಬರಬೇಕು. ಗುಂಪಿನ ಲೆಕ್ಕದಲ್ಲಿ 9ರಲ್ಲಿ ಏಳೆಂಟು, 27ರಲ್ಲಿ ನಾಲ್ಕೈದು, ಒಟ್ಟು 12. ಈ ಎರಡನೆಯ ಅಂದಾಜೇ ವಾಸ್ತವಕ್ಕೆ ಹತ್ತಿರ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ದುಡ್ಡು ಕಟ್ಟಿ ಬರದೇ ಇರುವವರೇ ಲಾಭ ಅಂತ ಈ ವ್ಯಾಪಾರದಲ್ಲಿ ಕೆಲವರು ಅಂದುಕೊಳ್ಳುತ್ತಾರೆ. ಅವರಿಗೆ ಜಾಗ ಬೇಡ, ಟ್ರೇನರ್ ಸಮಯ ಬೇಡ ಅನ್ನುವುದು ನಿಜ. ಆದರೆ ಅವಧಿ ಮುಗಿಯುವ ದಿನ ಅವರು ಹೋಗಿಯಾಗಿರುತ್ತದೆ, ಹೋಗುವಾಗ ಬೇಸರವನ್ನೂ ಹೊತ್ತು ಹೋಗುತ್ತಾರೆ. ಎರಡು ವಾರ ಬಾರದವರಿಗೆ ಒಂದು ಫೋನ್ ಮಾಡಿ. ಅವಧಿ ಮುಗಿಯುವ ಹಿಂದಿನ ದಿನ ಮಾಡುವ ಫೋನ್‌ಗೆ ಅವರು ಏನು ಹೇಳುತ್ತಾರೆ ಅಂತ ನಿಮಗೇ ಗೊತ್ತು.

ವರ್ಷದ ಫೀ ಒಟ್ಟಿಗೆ ಬಂದಾಗ ಅದನ್ನು 12 ಭಾಗ ಮಾಡಿ ತಿಂಗಳು ತಿಂಗಳಿಗೆ ಹಂಚಿ ಬರೆಯಿರಿ. ಹಣ ಇವತ್ತು ಕೈಗೆ ಬಂದರೂ ಸೇವೆ ಕೊಡಬೇಕಾದ ಹೊಣೆ ಇಡೀ ವರ್ಷದ್ದು.

ಹಂತ 6: ಸಲೂನ್‌ಗೆ ‘ಮತ್ತೆ ಬರುವುದು’ ಅಂದರೆ ಏನು

ಸಲೂನ್‌ನಲ್ಲಿ ತೊಡಕು ಬೇರೆ ತರಹದ್ದು. ಗ್ರಾಹಕರು ಬಿಟ್ಟೆ ಅಂತ ಹೇಳುವುದಿಲ್ಲ, ಫೀ ತಪ್ಪುವುದಿಲ್ಲ, ಸುಮ್ಮನೆ ಬರುವುದು ನಿಲ್ಲುತ್ತದೆ. ಹಾಗಾಗಿ ಸೇವೆಗೆ ತಕ್ಕ ಅಂತರ ಇಟ್ಟುಕೊಳ್ಳಬೇಕು. ಒಬ್ಬರು ಸಾಮಾನ್ಯವಾಗಿ 5 ವಾರಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳಲು ಬರುತ್ತಿದ್ದರೆ, 10 ವಾರ ಕಳೆದರೂ ಬರದಿದ್ದಾಗ ಬಿಟ್ಟರು ಅಂತ ಎಣಿಸಿ. ಅಂದರೆ ಅವರದೇ ಅಂತರದ ಎರಡರಷ್ಟು. ಬಣ್ಣ ಹಾಕಿಸಿಕೊಳ್ಳುವವರ ಅಂತರ ಬೇರೆ ಇರಬಹುದು, ಫೇಶಿಯಲ್‌ನವರದು ಇನ್ನೂ ಬೇರೆ. ಎಲ್ಲರಿಗೂ ‘30 ದಿನದಲ್ಲಿ ಮತ್ತೆ ಬಂದರಾ’ ಅಂತ ಕೇಳಿದರೆ 5 ವಾರಕ್ಕೊಮ್ಮೆ ತಪ್ಪದೆ ಬರುವ ಒಳ್ಳೆಯ ಗ್ರಾಹಕರೂ ಬಿಟ್ಟವರ ಪಟ್ಟಿಗೆ ಹೋಗುತ್ತಾರೆ.

ಸಲೂನ್ ಮೆಂಬರ್‌ಶಿಪ್‌ನಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಮೆಂಬರ್‌ಶಿಪ್ ತೆಗೆದುಕೊಂಡವರು ವರ್ಷಕ್ಕೆ ಸರಾಸರಿ 9 ಸಲ ಬಂದರು, ತೆಗೆದುಕೊಳ್ಳದವರು 4 ಸಲ. ಹಾಗಾದರೆ ಮೆಂಬರ್‌ಶಿಪ್‌ನಿಂದ 5 ಭೇಟಿ ಜಾಸ್ತಿ ಆಯಿತು ಅಂತ ಪ್ಲಾನ್‌ನಲ್ಲಿ ಬರೆದುಬಿಡುತ್ತಾರೆ. ಆದರೆ ಕಾರ್ಡ್ ತೆಗೆದುಕೊಂಡವರು ಯಾರು? ಮೊದಲಿಂದಲೂ ಜಾಸ್ತಿ ಬರುತ್ತಿದ್ದವರೇ. ಅವರ ಹಿಂದಿನ ವರ್ಷದ ಬಿಲ್ ತೆಗೆದು ನೋಡಿ. ಆಗಲೇ 7 ಸಲ ಬರುತ್ತಿದ್ದರು ಅಂದುಕೊಳ್ಳಿ. ನಿಜವಾಗಿ ಹೆಚ್ಚಿದ್ದು 2 ಭೇಟಿ.

ಈಗ ರಿಯಾಯಿತಿ ಸೇರಿಸಿ. ಮೆಂಬರ್‌ಶಿಪ್‌ನಲ್ಲಿ ಪ್ರತಿ ಭೇಟಿಗೆ ಶೇ. 20 ರಿಯಾಯಿತಿ ಇದೆ, ಕಾರ್ಡ್‌ಗೆ ಅರ್ಧ ಭೇಟಿಯಷ್ಟು ಫೀ ಇದೆ. ಒಂದು ಭೇಟಿಯ ಪೂರ್ತಿ ಬಿಲ್ ಅನ್ನು 1 ಅಂತ ಹಿಡಿಯೋಣ. ಮೊದಲು ಬರುತ್ತಿದ್ದದ್ದು 7. ಈಗ 9 ಭೇಟಿಗೆ 0.8ರಂತೆ 7.2, ಕಾರ್ಡ್ ಫೀ 0.5, ಒಟ್ಟು 7.7. ಹೆಚ್ಚು ಬಂದದ್ದು 0.7. ಆ 0.7ಕ್ಕೆ ನಿಮ್ಮ ಕೆಲಸಗಾರರು ಎರಡು ಪೂರ್ತಿ ಭೇಟಿಯ ಕೆಲಸ ಮಾಡಿದ್ದಾರೆ, ಎರಡು ಭೇಟಿಯ ಸಾಮಾನು ಖರ್ಚಾಗಿದೆ. ಒಂದು ಭೇಟಿಗೆ ತಗಲುವ ಸಂಬಳ, ಸಾಮಾನಿನ ಖರ್ಚು ಬಿಲ್‌ನ ಶೇ. 35 ದಾಟಿದರೆ ಇಲ್ಲಿ ಏನೂ ಉಳಿಯುವುದಿಲ್ಲ.

ಹಾಗಂತ ಸಲೂನ್ ಮೆಂಬರ್‌ಶಿಪ್ ದಂಡ ಅಂತ ನಾನು ಹೇಳುವುದಿಲ್ಲ. ಕುರ್ಚಿಗಳು ಖಾಲಿ ಇರುವ ದಿನಗಳಿಗೆ ಮಾತ್ರ ರಿಯಾಯಿತಿ ಕೊಟ್ಟರೆ, ಸಂಬಳ ಹೇಗೂ ಕೊಡಲೇಬೇಕಾದ್ದರಿಂದ ಲೆಕ್ಕ ಬದಲಾಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಬರುವವರನ್ನು ಆರು ಸಲಕ್ಕೆ ತಂದರೂ ಬದಲಾಗುತ್ತದೆ. ಹೋಲಿಕೆ ಮಾತ್ರ ಯಾವಾಗಲೂ ಅದೇ ಗ್ರಾಹಕರ ಮೊದಲು ಮತ್ತು ಆಮೇಲೆ ನಡುವೆ ಇರಲಿ.

ಹಂತ 7: ಯಾವ ಸಂಖ್ಯೆ ಬದಲಾದರೆ ಪ್ಲಾನ್ ಜಾಸ್ತಿ ಅಲುಗಾಡುತ್ತದೆ ನೋಡಿ

ಮತ್ತೆ ಜಿಮ್‌ನ ಸಾಲಿಗೆ ಬನ್ನಿ. ಎರಡನೇ ಫೀ ಕಟ್ಟುವವರು 80ರ ಬದಲು 88 ಆದರೆ, ಮುಂದಿನ ತಿಂಗಳುಗಳ ಇಳಿಕೆ ಮೊದಲಿನಂತೆಯೇ ಇದ್ದರೆ, ವರ್ಷದ ಮೊತ್ತ 689ರಿಂದ 748ಕ್ಕೆ ಏರುತ್ತದೆ. ಬದಲಿಗೆ ಏಳನೇ ತಿಂಗಳ ನಂತರ ಬಿಡುವವರನ್ನು ತಿಂಗಳಿಗೆ ಶೇ. 4ರಿಂದ ಶೇ. 2ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಮೊತ್ತ 703 ಆಗುತ್ತದೆ. ಮೊದಲನೆಯದರಲ್ಲಿ 59 ಫೀ ಜಾಸ್ತಿ, ಎರಡನೆಯದರಲ್ಲಿ 14. ಹೊಸಬರ ಮೊದಲ ನಾಲ್ಕು ವಾರಕ್ಕೆ ಟ್ರೇನರ್ ಸಮಯ ಮೀಸಲಿಡುವುದು ಯಾಕೆ ಮುಖ್ಯ ಅನ್ನುವುದಕ್ಕೆ ಇದೇ ಉತ್ತರ.

ಇಲ್ಲೂ ಒಂದು ಮಿತಿ ಇದೆ. ಬಿಡುವ ಅಂಚಿನಲ್ಲಿದ್ದು ಹೇಗೋ ಎರಡನೇ ಫೀ ಕಟ್ಟಿದ ಆ 8 ಜನ ಮೂರನೇ ತಿಂಗಳು ಉಳಿದವರಿಗಿಂತ ಬೇಗ ಬಿಡಬಹುದು. ಹಾಗಾಗಿ 59 ಅನ್ನುವುದನ್ನು ಗರಿಷ್ಠ ಅಂತ ತಿಳಿಯಿರಿ. ಪ್ಲಾನ್‌ನಲ್ಲಿ ಅದರ ಅರ್ಧ ಹಾಕಿದರೆ ಕ್ಷೇಮ.

ಕೆಟ್ಟ ಸ್ಥಿತಿಯ ಸಾಲನ್ನೂ ಬರೆಯಿರಿ. ಎಲ್ಲ ತಿಂಗಳನ್ನೂ ಸ್ವಲ್ಪ ಸ್ವಲ್ಪ ಇಳಿಸುವುದಕ್ಕಿಂತ ಎರಡನೇ ಫೀಯ ಸಂಖ್ಯೆಯನ್ನು 80ರಿಂದ 70ಕ್ಕೆ ಇಳಿಸಿ ಮುಂದಿನದೆಲ್ಲ ಅದೇ ಪ್ರಮಾಣದಲ್ಲಿ ಇಳಿಯಲು ಬಿಡಿ. ಮೊತ್ತ 615ರ ಹತ್ತಿರ ಬರುತ್ತದೆ. ಸಾಲದ ಕಂತು ಆ ಮೊತ್ತದಲ್ಲೂ ಕಟ್ಟಲು ಆಗುತ್ತದಾ ಅಂತ ನೋಡಿ.

ಹಂತ 8: ಪ್ರತಿ ತಿಂಗಳು ತಾಳೆ ನೋಡಿ, ಆದರೆ ಒಂದು ಬ್ಯಾಚ್ ನೋಡಿ ಗಾಬರಿಯಾಗಬೇಡಿ

ಪ್ಲಾನ್‌ನ ಸಾಲಿನ ಕೆಳಗೆ ನಿಜವಾಗಿ ಬಂದ ಸಂಖ್ಯೆಯನ್ನು ಪ್ರತಿ ತಿಂಗಳು ಬರೆಯಿರಿ. 40 ಜನರ ಬ್ಯಾಚ್‌ನಲ್ಲಿ 32 ಜನ ಎರಡನೇ ಫೀ ಕಟ್ಟುತ್ತಾರೆ ಅಂತ ನಿರೀಕ್ಷೆ ಇದ್ದಾಗ, ಏನೂ ಬದಲಾಗದಿದ್ದರೂ ಒಂದು ತಿಂಗಳು 29, ಇನ್ನೊಂದು ತಿಂಗಳು 35 ಬರುವುದು ಸಹಜ. ಇಷ್ಟು ಸಣ್ಣ ಗುಂಪಿನಲ್ಲಿ ಮೂರು ಜನ ಆಚೀಚೆ ಆಗುವುದು ಆಕಸ್ಮಿಕವಾಗಿಯೇ ನಡೆಯುತ್ತದೆ. 29 ಬಂತು ಅಂತ ಟ್ರೇನರ್‌ನನ್ನು ಬೈಯಬೇಡಿ, 35 ಬಂತು ಅಂತ ಹೊಸ ಮೆಷಿನ್ ಆರ್ಡರ್ ಮಾಡಬೇಡಿ.

ಒಂದೇ ಬ್ಯಾಚ್‌ನಲ್ಲಿ 26ಕ್ಕೆ ಇಳಿದರೆ ಮಾತ್ರ ಆಗಲೇ ಕಾರಣ ಹುಡುಕಿ. ಮೂರು ಬ್ಯಾಚ್ ಒಟ್ಟು ಸೇರಿಸಿ 120ರಲ್ಲಿ 96ರ ಬದಲು 85 ಬಂದರೂ ಅಷ್ಟೇ, ಅದನ್ನು ಆಕಸ್ಮಿಕ ಅಂತ ತಳ್ಳಿಹಾಕುವಂತಿಲ್ಲ. ಆಗ ಮೊದಲು ನೋಡಬೇಕಾದದ್ದು ಆ ತಿಂಗಳುಗಳಲ್ಲಿ ಯಾರು ಸೇರಿದರು ಅನ್ನುವುದನ್ನು. ಆಫರ್‌ನಲ್ಲಿ ಬಂದವರು ಸಾಮಾನ್ಯ ಬ್ಯಾಚ್‌ನೊಳಗೆ ಸೇರಿಕೊಂಡಿದ್ದಾರಾ? ಅವರನ್ನು ತೆಗೆದು ಮತ್ತೆ ಎಣಿಸಿ. ಆಮೇಲೂ ಸಂಖ್ಯೆ ಕೆಳಗೇ ಇದ್ದರೆ ಬಿಟ್ಟವರ ಕೊನೆಯ ಹಾಜರಿ ತಾರೀಕು ತೆಗೆಯಿರಿ. ಹೆಚ್ಚಿನವರು ಮೊದಲ ವಾರದಲ್ಲೇ ಬರುವುದು ನಿಲ್ಲಿಸಿದ್ದರೆ ಸೇರಿಸಿಕೊಳ್ಳುವ ರೀತಿಯಲ್ಲಿ ಏನೋ ಕೊರತೆ ಇದೆ. ಕೊನೆಯ ವಾರದ ತನಕ ಬಂದು ಫೀ ಕಟ್ಟುವ ಹೊತ್ತಿಗೆ ಬಿಟ್ಟಿದ್ದರೆ ಫೀ ಅಥವಾ ಸಮಯದ ವಿಷಯ ಇರಬಹುದು. ಅವರಲ್ಲಿ ಐದಾರು ಜನರಿಗೆ ಫೋನ್ ಮಾಡಿ ಕೇಳಿ. ಉತ್ತರ ಏನೇ ಬರಲಿ, ಪ್ಲಾನ್‌ನಲ್ಲಿರುವ 80ನ್ನು ಅದೇ ದಿನ ತಿದ್ದಿ, ಪಕ್ಕದಲ್ಲಿ ತಾರೀಕು ಬರೆಯಿರಿ.